ಬೆಕ್ಕು ತಿಣುಕುತ್ತಿದ್ದರೆ

ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ, ಮರಳು ಕೆರೆಯುವ ಸದ್ದಿಗೆ ನನಗೆ ಎಚ್ಚರವಾಯಿತು. ನಮ್ಮ ಮನೆಯ ಬೂದಿ, ಹನ್ನೊಂದು ವರ್ಷದ ಹೆಣ್ಣು ಬೆಕ್ಕು, ಬಚ್ಚಲಿನ ಮೂಲೆಯ ಲಿಟರ್ ಟ್ರೇಯಲ್ಲಿ ಕುಳಿತಿದ್ದಳು. ಬೆನ್ನು ಬಿಲ್ಲಿನಂತೆ ಬಾಗಿತ್ತು. ಹಿಂಗಾಲುಗಳು ಮುಂದಕ್ಕೆ ಸರಿದಿದ್ದವು. ಬಾಲದ ಬುಡ ಸಣ್ಣಗೆ ನಡುಗುತ್ತಿತ್ತು. ಅರ್ಧ ನಿಮಿಷ ಹಾಗೇ ಇದ್ದು, ಏನೂ ಬಾರದೆ ಎದ್ದಳು. ಎರಡು ಹೆಜ್ಜೆ ನಡೆದು ಮತ್ತೆ ಟ್ರೇಗೇ ಮರಳಿದಳು. ನಾಲ್ಕನೇ ಸಲಕ್ಕೆ ಅಡಿಕೆಯಷ್ಟು ಸಣ್ಣದೊಂದು ಉಂಡೆ ಬಿತ್ತು. ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಕಾಗದದಲ್ಲಿ ಎತ್ತಿ ಒತ್ತಿದರೆ ಚೂರೂ ತಗ್ಗಲಿಲ್ಲ. ಆಮೇಲೆ ಬೂದಿ ಬಾಗಿಲ ಬಳಿ ಹೋಗಿ ಒಂದಿಷ್ಟು ಹಳದಿ ನೀರು ವಾಂತಿ ಮಾಡಿಕೊಂಡಳು.

ಆ ಉಂಡೆಯಲ್ಲೇ ಅವಳ ಕಾಯಿಲೆಯ ಬಹುಪಾಲು ಕಥೆ ಇತ್ತು. ಅದನ್ನು ಓದಲು ಆಗ ನನಗೆ ಬರುತ್ತಿರಲಿಲ್ಲ.

ಆರೋಗ್ಯವಾಗಿರುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಂದು ಸಲ ಮಲ ವಿಸರ್ಜಿಸುತ್ತದೆ. ಕೆಲವು ಎರಡು ಸಲ ಹೋಗುತ್ತವೆ, ಕೆಲವು ಒಂದೂವರೆ ದಿನಕ್ಕೊಮ್ಮೆ. ಮಲ ಕಂದು ಬಣ್ಣದ್ದಾಗಿ, ಬೆರಳಿನಾಕಾರದಲ್ಲಿ, ಲಿಟರ್ ಮರಳು ಅಂಟಿಕೊಳ್ಳುವಷ್ಟು ಹಸಿಯಾಗಿರಬೇಕು. ಮರಳೇ ಅಂಟದಷ್ಟು ಒಣಗಿದ್ದರೆ ಅದು ದೊಡ್ಡ ಕರುಳಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಉಳಿದಿತ್ತು ಎಂದರ್ಥ. ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲಿ ಒಂದು ನೀರನ್ನು ವಾಪಸು ಹೀರಿಕೊಳ್ಳುವುದು. ಸಣ್ಣ ಕರುಳಿನಿಂದ ಗಂಜಿಯಂತೆ ತೆಳ್ಳಗೆ ಬಂದದ್ದರಿಂದ ನೀರು ತೆಗೆದು, ಉಳಿದದ್ದನ್ನು ಗಟ್ಟಿ ಮಾಡಿ ಹೊರಗೆ ಕಳಿಸುತ್ತದೆ. ಸಾಗುವುದು ತಡವಾದಷ್ಟೂ ಈ ಹೀರುವ ಕೆಲಸ ನಡೆದೇ ಇರುತ್ತದೆ. ನಿನ್ನೆ ಹೋಗಬೇಕಿದ್ದ ಮಲ ಇವತ್ತು ಗಟ್ಟಿ, ನಾಳೆ ಕಲ್ಲು. ಗಟ್ಟಿಯಾದದ್ದನ್ನು ಹೊರಹಾಕಲು ನೋವಾಗುತ್ತದೆ. ನೋವಿಗೆ ಹೆದರಿದ ಬೆಕ್ಕು ತಡೆದುಕೊಳ್ಳುತ್ತದೆ, ತಡೆದಷ್ಟೂ ಅದು ಇನ್ನಷ್ಟು ಒಣಗುತ್ತದೆ. ಒಂದು ಸಲ ಈ ಸುಳಿಗೆ ಬಿದ್ದ ಬೆಕ್ಕು ತಾನಾಗಿಯೇ ಮೇಲೆ ಬರುವುದು ಕಷ್ಟ.

ಇದೆಲ್ಲದರ ಬುಡದಲ್ಲಿರುವುದು ನೀರು. ಮನೆಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣಪ್ರದೇಶಗಳ ಕಾಡುಬೆಕ್ಕುಗಳು. ಹಳ್ಳ ಕೊಳ್ಳ ಅಪರೂಪವಾದ ಕಡೆ ಅವು ಬದುಕಿದ್ದು ಬೇಟೆಯ ಮೈಯಲ್ಲಿರುವ ನೀರಿನಿಂದ. ಒಂದು ಇಲಿಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತರಷ್ಟು ನೀರೇ. ದಿನಕ್ಕೆ ಹತ್ತಾರು ಇಲಿ, ಹಲ್ಲಿ, ಹಕ್ಕಿ ತಿಂದರೆ ಬಟ್ಟಲಿನ ಹಂಗೇ ಬೇಡ. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ನಾಯಿಗೆ ಆದಷ್ಟು ಬೇಗ ಆಗುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಅದು ಬಟ್ಟಲಿನ ಕಡೆ ಓಡುವ ಬದಲು ಮೂತ್ರವನ್ನು ಗಾಢ ಮಾಡಿಕೊಳ್ಳುತ್ತದೆ, ಕರುಳಿನಿಂದ ಇನ್ನಷ್ಟು ನೀರು ಹೀರಿಕೊಳ್ಳುತ್ತದೆ. ಮರುಭೂಮಿಯಲ್ಲಿ ಇದು ಅದನ್ನು ಬದುಕಿಸಿದ ಗುಣ. ಮೈಸೂರಿನ ಮನೆಯಲ್ಲಿ ಪ್ಯಾಕೆಟ್ಟಿನ ಒಣ ಕಾಳು ತಿಂದುಕೊಂಡಿರುವ ಬೆಕ್ಕಿಗೆ ಇದೇ ಗುಣ ಮುಳ್ಳಾಗುತ್ತದೆ.

ಬೂದಿಯ ಲೆಕ್ಕವನ್ನೇ ನೋಡಿ. ಅವಳ ತೂಕ ನಾಲ್ಕು ಕಿಲೋ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು, ಅದರಲ್ಲಿ ಆಹಾರದಲ್ಲಿರುವ ನೀರೂ ಸೇರಿತು. ಅಂದರೆ ಅವಳಿಗೆ ದಿನಕ್ಕೆ 200 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ಅವಳು ತಿನ್ನುತ್ತಿದ್ದದ್ದು 55 ಗ್ರಾಂ ಡ್ರೈ ಫುಡ್. ಅದರಲ್ಲಿ ನೀರಿನ ಅಂಶ ನೂರಕ್ಕೆ ಹತ್ತರ ಆಸುಪಾಸು, ಅಂದರೆ ಐದು ಮಿಲಿಲೀಟರ್, ಒಂದು ಟೀ ಚಮಚ. ಉಳಿದದ್ದನ್ನೆಲ್ಲ ಅವಳು ಬಟ್ಟಲಿನಿಂದಲೇ ನೆಕ್ಕಬೇಕು. ಬೆಕ್ಕಿನ ನಾಲಗೆ ಒಂದು ಸಲಕ್ಕೆ ಎತ್ತುವುದು ಕೆಲವೇ ಹನಿ. ಅದೇ ಶಕ್ತಿಯನ್ನು ವೆಟ್ ಫುಡ್ ಪೌಚುಗಳಿಂದ ಕೊಡಬೇಕಾದರೆ 80 ಗ್ರಾಮಿನ ಮೂರು ಪೌಚು ಬೇಕಾಗುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ನೀರಿರುವುದರಿಂದ 190 ಮಿಲಿಲೀಟರ್ ಊಟದಲ್ಲೇ ಹೊಟ್ಟೆಗೆ ಹೋಗುತ್ತದೆ. ಡ್ರೈ ಫುಡ್ ತಿನ್ನುವ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ ನಿಜ. ಆದರೆ ಎರಡೂ ಮೂಲಗಳನ್ನು ಕೂಡಿಸಿ ನೋಡಿದರೆ ಒಟ್ಟು ಸಿಗುವ ನೀರು ಸಾಮಾನ್ಯವಾಗಿ ವೆಟ್ ಫುಡ್ ತಿನ್ನುವ ಬೆಕ್ಕಿನದಕ್ಕಿಂತ ಕಡಿಮೆಯೇ. ಎಳೆಯ ಬೆಕ್ಕುಗಳಲ್ಲಿ ಬಹಳಷ್ಟು ಹೀಗೇ ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆದುಕೊಂಡು ಹೋಗುತ್ತವೆ. ವಯಸ್ಸಾಗಿ, ಮೂತ್ರಪಿಂಡ ಸೋಲತೊಡಗಿ, ಅದರ ಮೇಲೆ ಬೇಸಿಗೆಯೂ ಬಂದಾಗ ಆ ಕೊರತೆ ಎದ್ದು ಕಾಣುತ್ತದೆ.

ನಾನು ಮಾಡಿದ ತಪ್ಪುಗಳನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಹೆಚ್ಚಿನವರು ಇವನ್ನೇ ಮಾಡುತ್ತಾರೆ. ಮೊದಲ ದಿನ ಒಂದು ಬಟ್ಟಲು ಹಾಲು ಕೊಟ್ಟೆ. ಹಾಲು ಕುಡಿದರೆ ಸಲೀಸಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದದ್ದು ಕಿವಿಯಲ್ಲಿತ್ತು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆ. ಹಾಲಿನಿಂದ ಹೊಟ್ಟೆ ಉಬ್ಬರಿಸಬಹುದು, ಭೇದಿಯೂ ಆಗಬಹುದು. ಆ ಭೇದಿಯಲ್ಲಿ ಮೈಯ ನೀರು ಇನ್ನಷ್ಟು ಹೋಗುತ್ತದೆ, ಗಟ್ಟಿಯಾಗಿ ಕೂತ ಉಂಡೆ ಮಾತ್ರ ಅಲ್ಲೇ ಇರುತ್ತದೆ. ಎರಡನೇ ದಿನ ಇಸಬ್‌ಗೋಲ್ ನೆನಪಾಯಿತು. ಮನೆಯಲ್ಲಿ ಹಿರಿಯರು ರಾತ್ರಿ ತೆಗೆದುಕೊಳ್ಳುವ ಡಬ್ಬಿಯಿಂದ ಅರ್ಧ ಚಮಚ ತೆಗೆದು ಅವಳ ಒಣ ಕಾಳಿನ ಮೇಲೆ ಉದುರಿಸಿದೆ. ಬೂದಿ ಒಂದಿಷ್ಟು ತಿಂದಳು, ಆದರೆ ಅದರ ಜೊತೆಗೆ ನೀರು ಕುಡಿಯಲಿಲ್ಲ. ಮೂರನೇ ದಿನದ ಬೆಳಗಿನ ಜಾವವೇ ನಾನು ಮೊದಲು ಹೇಳಿದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಬೂದಿಯನ್ನು ಟವೆಲಿನ ಮೇಲೆ ನಿಲ್ಲಿಸಿ, ಎರಡೂ ಕೈಗಳಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಮೊದಲು ಅವರು ಹುಡುಕಿದ್ದು ಮಲವನ್ನಲ್ಲ, ಮೂತ್ರಕೋಶವನ್ನು. ಅದು ಚಿಕ್ಕದಾಗಿ ಮೆತ್ತಗಿದೆ ಎಂದು ಖಾತ್ರಿಯಾದ ಮೇಲೆ ನನ್ನ ಕೈ ಹಿಡಿದು ಅವಳ ಹೊಟ್ಟೆಯ ಹಿಂಭಾಗದಲ್ಲಿ ಇಟ್ಟರು. ಚರ್ಮದಡಿಯಲ್ಲಿ ಮಣಿಸರದ ಹಾಗೆ ಸಾಲಾಗಿ ಗಟ್ಟಿ ಉಂಡೆಗಳು ಬೆರಳಿಗೆ ಸಿಕ್ಕವು. ಆಮೇಲೆ ಹೆಗಲ ನಡುವಿನ ಚರ್ಮವನ್ನು ಎತ್ತಿ ಬಿಟ್ಟರು. ಅದು ತಕ್ಷಣ ಕೂರಲಿಲ್ಲ, ಒಂದು ಕ್ಷಣ ಡೇರೆಯ ಹಾಗೆ ನಿಂತು ಮೆಲ್ಲಗೆ ಇಳಿಯಿತು. ವಸಡು ಮುಟ್ಟಿದರೆ ಅಂಟುತ್ತಿತ್ತು. "ಕರುಳಿನಲ್ಲಿ ಮಾತ್ರ ಅಲ್ಲ, ಇವಳ ಇಡೀ ಮೈಯಲ್ಲೇ ನೀರಿಲ್ಲ ಮೇಡಂ" ಎಂದರು.

ಇಸಬ್‌ಗೋಲ್ ಹಾಕಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ಲೋಟದಲ್ಲಿ ಕಾಲು ಚಮಚ ಇಸಬ್‌ಗೋಲ್ ಹಾಕಿ ಎರಡು ಚಮಚ ನೀರು ಬಿಟ್ಟರು. ಬೂದಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಷ್ಟರಲ್ಲಿ ಲೋಟದಲ್ಲಿ ನೀರೇ ಇರಲಿಲ್ಲ, ಗಟ್ಟಿ ಲೋಳೆಯೊಂದು ತಳಕ್ಕೆ ಅಂಟಿಕೊಂಡಿತ್ತು. ಲೋಟ ಬೋರಲು ಮಾಡಿದರೂ ಬೀಳಲಿಲ್ಲ. ಇನ್ನೂ ನಾಲ್ಕು ಚಮಚ ನೀರು ಸೇರಿಸಿ ಕಲಕಿದರು. ಈಗ ಅದು ನುಣುಪಾದ ಗಂಜಿಯಂತೆ ಜಾರಿತು. ನಾರಿನ ಬಗ್ಗೆ ನಾನು ಎಷ್ಟೇ ಓದಿದ್ದರೂ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ನಾರು ಎಂದರೆ ಬೆಕ್ಕಿನ ಜೀರ್ಣರಸಗಳಿಗೆ ಅರಗದೆ ಉಳಿಯುವ ಸಸ್ಯದ ಭಾಗ. ಅದರಲ್ಲಿ ಎರಡು ಸ್ವಭಾವದವು ಇವೆ. ಗೋಧಿ ತೌಡಿನಂಥದ್ದು ನೀರಿನಲ್ಲಿ ಕರಗದೆ ಮಲದ ಗಾತ್ರ ಹೆಚ್ಚಿಸುತ್ತದೆ. ಇಸಬ್‌ಗೋಲ್ ಸಿಪ್ಪೆಯಂಥದ್ದು ನೀರನ್ನು ಹಿಡಿದಿಟ್ಟುಕೊಂಡು ಲೋಳೆಯಾಗಿ, ಮಲವನ್ನು ಮೃದುವಾಗಿಯೂ ಜಾರುವಂತೆಯೂ ಇಡುತ್ತದೆ. ಬೆಕ್ಕಿನ ಮಲಬದ್ಧತೆಗೆ ಎರಡನೆಯದೇ ಹೆಚ್ಚು ಉಪಯೋಗಿ ಎಂಬುದು ಪಶುವೈದ್ಯರ ಅನುಭವ. ಇಸಬ್‌ಗೋಲ್ ಸೇರಿಸಿದ ಆಹಾರದಿಂದ ಹಲವು ಬೆಕ್ಕುಗಳು ಸುಧಾರಿಸಿದ್ದೂ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎರಡಕ್ಕೂ ನೀರು ಬೇಕೇ ಬೇಕು. ಒಣಗಿದ ಕರುಳಿಗೆ ಒಣ ನಾರು ಹಾಕಿದರೆ ಅದು ಅಲ್ಲಿದ್ದ ಕೊನೆಯ ಹನಿಯನ್ನೂ ಹಿಡಿದುಕೊಂಡು ಉಂಡೆಯನ್ನು ದಪ್ಪ ಮಾಡುತ್ತದೆ. ನಾನು ಬೂದಿಗೆ ಮಾಡಿದ್ದು ಅದನ್ನೇ.

ನೀರಿದ್ದರೂ ನಾರು ಕೆಲಸ ಮಾಡದ ಒಂದು ಹಂತವಿದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಗಟ್ಟಿ ಮಲ ತುಂಬಿಕೊಂಡೇ ಇದ್ದರೆ ದೊಡ್ಡ ಕರುಳಿನ ಗೋಡೆ ಹಿಗ್ಗುತ್ತಾ ಹೋಗುತ್ತದೆ. ಬಹಳ ದಿನ ಊದಿಟ್ಟ ಬಲೂನಿನ ಗಾಳಿ ಬಿಟ್ಟರೂ ಅದು ಮೊದಲಿನಂತೆ ಬಿಗಿಯಾಗುವುದಿಲ್ಲವಲ್ಲ, ಹಾಗೆ ಕರುಳಿನ ಸ್ನಾಯುವೂ ಸಡಿಲವಾಗಿ ಹಿಂಡುವ ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ಮೆಗಾಕೋಲನ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಡಾಕ್ಟರು ಕರುಳಿನ ಅಗಲವನ್ನು ಸೊಂಟದ ಐದನೇ ಬೆನ್ನುಮೂಳೆಯ ಉದ್ದದ ಜೊತೆ ಹೋಲಿಸುತ್ತಾರೆ. ಕರುಳು ಆ ಮೂಳೆಯ ಒಂದೂವರೆ ಪಟ್ಟು ಅಗಲವಾಗಿದ್ದರೆ ಅನುಮಾನ ಬಲವಾಗುತ್ತದೆ. ಹಿಂಡಲಾರದ ಕರುಳಿಗೆ ನಾರು ಹಾಕಿ ಮಲದ ಗಾತ್ರ ಹೆಚ್ಚಿಸುವುದು ಎಂದರೆ ಸೋತ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿದಂತೆ. ಅಂಥ ಬೆಕ್ಕಿಗೆ ಬೇಕಾದದ್ದು ತದ್ವಿರುದ್ಧ: ಪೂರ್ತಿ ಅರಗಿ ಕಡಿಮೆ ಮಲವಾಗುವ ಆಹಾರ, ಮಲ ಮೆದುವಾಗಿಸುವ ಔಷಧ, ಕರುಳನ್ನು ಚುರುಕುಗೊಳಿಸುವ ಮಾತ್ರೆ. ಅದೂ ಸಾಗದಿದ್ದರೆ ಹಿಗ್ಗಿದ ಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಹೊರಗಿನಿಂದ ನೋಡಿದರೆ ಎರಡೂ ಬೆಕ್ಕು ಒಂದೇ ಥರ ತಿಣುಕುತ್ತವೆ. ಯಾವುದಕ್ಕೆ ನಾರು ಒಳ್ಳೆಯದು, ಯಾವುದಕ್ಕೆ ಕೆಟ್ಟದ್ದು ಎಂದು ಹೇಳಬಲ್ಲದ್ದು ಪರೀಕ್ಷೆ ಮಾತ್ರ. ಅದಕ್ಕೇ ಕುಂಬಳಕಾಯಿ ಕೊಡಿ, ಇಸಬ್‌ಗೋಲ್ ಕೊಡಿ ಎಂಬ ಸಲಹೆಯನ್ನು ಬೆಕ್ಕನ್ನು ನೋಡದೆ ಯಾರೂ ಯಾರಿಗೂ ಕೊಡಬಾರದು ಎಂದು ನನಗನ್ನಿಸುತ್ತದೆ.

ಬೂದಿಯ ಎಕ್ಸ್‌ರೇಯಲ್ಲಿ ಕರುಳು ಅಷ್ಟು ಹಿಗ್ಗಿರಲಿಲ್ಲ. ಆದರೆ ರಕ್ತಪರೀಕ್ಷೆ ಇನ್ನೊಂದು ಸಂಗತಿ ಹೇಳಿತು. ಕ್ರಿಯಾಟಿನಿನ್ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುವ ಶಕ್ತಿ ಕಳೆದುಕೊಂಡು ತೆಳು ಮೂತ್ರವಾಗಿ ಹೊರಗೆ ಬಿಡುತ್ತಿದ್ದವು. ಆ ನಷ್ಟವನ್ನು ತುಂಬಿಕೊಳ್ಳಲು ಮೈ ಕರುಳಿನಿಂದ ನೀರು ಎಳೆದುಕೊಳ್ಳುತ್ತಿತ್ತು. ಪೊಟ್ಯಾಸಿಯಂ ಕಡಿಮೆಯಾದರೆ ಕರುಳಿನ ಸ್ನಾಯುವೂ ಬಲ ಕಳೆದುಕೊಳ್ಳುತ್ತದೆ. ಕಳೆದ ಆರು ತಿಂಗಳಿಂದ ಲಿಟರಿನಲ್ಲಿ ಮೂತ್ರದ ಉಂಡೆಗಳು ದೊಡ್ಡದಾಗುತ್ತಿದ್ದದ್ದು ನನಗೆ ಆಗ ನೆನಪಾಯಿತು. ಬೂದಿ ಚೆನ್ನಾಗಿ ನೀರು ಕುಡಿಯುತ್ತಿದ್ದಾಳೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಅವಳಿಗೆ ಮಲಬದ್ಧತೆ ಒಂದು ಕಾಯಿಲೆಯಾಗಿ ಬಂದಿರಲಿಲ್ಲ, ಮೂತ್ರಪಿಂಡದ ಕಾಯಿಲೆಯ ಸುದ್ದಿಯಾಗಿ ಬಂದಿತ್ತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಸಾಮಾನ್ಯ. ಕೀಲುನೋವಿರುವ ಬೆಕ್ಕಿಗೆ ಟ್ರೇಯ ಎತ್ತರದ ಅಂಚು ದಾಟಿ ಕುಕ್ಕರಿಸಿ ಕೂರುವುದೇ ಹಿಂಸೆಯಾಗಿ ತಡೆದುಕೊಳ್ಳುವುದುಂಟು. ಗಾಡಿಗೆ ಸಿಕ್ಕಿಯೋ ಮಹಡಿಯಿಂದ ಬಿದ್ದೋ ಸೊಂಟದ ಮೂಳೆ ಮುರಿದು, ವಕ್ರವಾಗಿ ಕೂಡಿಕೊಂಡು, ಮಲ ಹೋಗುವ ದಾರಿಯೇ ಕಿರಿದಾಗಿರುವ ಬೀದಿಬೆಕ್ಕುಗಳನ್ನು ಸಾಕಿಕೊಂಡವರಿಗೂ ಈ ತೊಂದರೆ ಗೊತ್ತು. ಅಂಥದ್ದನ್ನು ಆರು ತಿಂಗಳೊಳಗೆ ಪತ್ತೆ ಹಚ್ಚಿ ಮೂಳೆ ಸರಿಪಡಿಸಿದರೆ ಕರುಳು ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ, ಬಿಟ್ಟರೆ ಕಡಿಮೆ.

ಚಿಕಿತ್ಸೆ ಶುರುವಾದದ್ದು ನೀರಿನಿಂದಲೇ. ಮೊದಲು ರಕ್ತನಾಳಕ್ಕೆ ಸಲೈನ್ ಹತ್ತಿಸಿ, ಪೊಟ್ಯಾಸಿಯಂ ಸೇರಿಸಿ, ಸಂಜೆಯವರೆಗೆ ಮೈಯನ್ನು ಹಸಿ ಮಾಡಿದರು. ಆಮೇಲೆಯೇ ಎನಿಮಾ. ಮೃದುವಾದ ಸಣ್ಣ ರಬ್ಬರ್ ನಳಿಗೆಗೆ ಜೆಲ್ಲಿ ಸವರಿ, 30 ಮಿಲಿಲೀಟರ್ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಬಿಟ್ಟರು. ರಭಸದಿಂದ ಬಿಟ್ಟರೆ ಬೆಕ್ಕು ವಾಂತಿ ಮಾಡುತ್ತದೆ, ಕರುಳಿಗೂ ಪೆಟ್ಟಾಗಬಹುದು. ಒಂದು ಗಂಟೆಯ ನಂತರ ನಾಲ್ಕು ಉಂಡೆ ಹೋಯಿತು, ರಾತ್ರಿ ಇನ್ನೊಮ್ಮೆ ಮಾಡಿದಾಗ ಉಳಿದದ್ದು. ಇಷ್ಟಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು, ಗಂಟಲಿಗೆ ಉಸಿರಾಟದ ನಳಿಗೆ ಹಾಕಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕಾಗುತ್ತಿತ್ತು. ಮರುದಿನ ಮನೆಗೆ ಕಳಿಸುವಾಗ ಲ್ಯಾಕ್ಟುಲೋಸ್ ಸಿರಪ್ ಎರಡು ಮಿಲಿಲೀಟರಿನಂತೆ ದಿನಕ್ಕೆರಡು ಸಲ ಎಂದು ಬರೆದುಕೊಟ್ಟರು. ಅದು ಕರುಳಿನೊಳಕ್ಕೆ ನೀರನ್ನು ಸೆಳೆದು ಮಲವನ್ನು ಮೆತ್ತಗೆ ಮಾಡುವ ಔಷಧ. ಮಲ ತೀರಾ ನೀರಾದರೆ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಅದೇ ಮತ್ತೆ ಮೈಯ ನೀರನ್ನು ಕಳೆಯುತ್ತದೆ. ಈ ಅಳತೆ ಬೂದಿಯ ತೂಕಕ್ಕೆ, ಅವಳ ರಕ್ತದ ವರದಿಗೆ ಕೊಟ್ಟದ್ದು.

ಮನೆಯಲ್ಲಿ ಎನಿಮಾ ಮಾಡುವ ಯೋಚನೆಯನ್ನೇ ಬಿಡಬೇಕು. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆಂದು ಸಿಗುವ ಎನಿಮಾ ಬಾಟಲಿಗಳಲ್ಲಿ ಬಹಳಷ್ಟು ಸೋಡಿಯಂ ಫಾಸ್ಫೇಟ್ ಇರುವಂಥವು. ಅದು ಬೆಕ್ಕಿನ ಪುಟ್ಟ ಮೈಗೆ ಹೀರಲ್ಪಟ್ಟರೆ ರಕ್ತದಲ್ಲಿ ಫಾಸ್ಫೇಟ್ ಏರಿ, ಕ್ಯಾಲ್ಸಿಯಂ ಕುಸಿದು, ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು. ಲಿಕ್ವಿಡ್ ಪ್ಯಾರಫಿನ್ ಅನ್ನು ಬಾಯಿಗೆ ಹಿಂಡುವುದೂ ಅಪಾಯವೇ. ಅದಕ್ಕೆ ರುಚಿಯಿಲ್ಲ, ಗಂಟಲಿಗೆ ಬಂದದ್ದು ಬೆಕ್ಕಿಗೆ ತಿಳಿಯುವ ಮೊದಲೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಹರಳೆಣ್ಣೆ ಕರುಳನ್ನು ಕೆರಳಿಸುತ್ತದೆ. ಮುಂದೆ ದಾರಿ ಕಟ್ಟಿರುವಾಗ ಹಿಂದಿನಿಂದ ಕೆರಳಿಸಿದರೆ ಸಿಗುವುದು ನೋವು ಮಾತ್ರ. ಇನ್ನೊಂದು ಮಾತು, ಹೂವಿನ ಮಾಲೆಯ ದಾರವನ್ನೋ ಹೊಲಿಗೆ ನೂಲನ್ನೋ ನುಂಗುವ ಬೆಕ್ಕುಗಳಿವೆ. ಗುದದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ. ಅದರ ಇನ್ನೊಂದು ತುದಿ ಒಳಗೆ ಎಲ್ಲೋ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳನ್ನೇ ಕೊಯ್ಯುತ್ತದೆ.

ಈಗ ಡಾಕ್ಟರು ಮೊದಲು ಮೂತ್ರಕೋಶವನ್ನೇ ಯಾಕೆ ಹುಡುಕಿದರು ಎಂಬುದಕ್ಕೆ ಬರುತ್ತೇನೆ. ಇದು ನನಗೆ ಅರ್ಥವಾದದ್ದು ಅದೇ ವರ್ಷದ ದೀಪಾವಳಿ ಹೊತ್ತಿಗೆ, ಮೇಲಿನ ಮನೆಯ ಹುಡುಗ ಓಡಿಬಂದಾಗ. ಅವರ ಮನೆಯ ಮೂರು ವರ್ಷದ ಗಂಡು ಬೆಕ್ಕು ಹಿಂದಿನ ಸಂಜೆಯಿಂದ ಟ್ರೇಗೆ ಹೋಗಿ ಹೋಗಿ ತಿಣುಕುತ್ತಿತ್ತು. "ಆಂಟಿ, ನಿಮ್ಮ ಬೂದಿಗೆ ಆದಂಗೇ ಆಗಿದೆ, ಆ ಸಿರಪ್ ಒಂದು ಸ್ವಲ್ಪ ಕೊಡ್ತೀರಾ?" ಎಂದ. ನಾನು ಸಿರಪ್ ಹುಡುಕುತ್ತಲೇ, ಉಚ್ಚೆ ಮಾಡಿದೆಯಾ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮೇಲೆ ಹೋಗಿ ಟ್ರೇಯನ್ನು ಪೂರ್ತಿ ಜಾಲಾಡಿದೆವು. ಮಲವಿತ್ತು, ಹಿಂದಿನ ಮಧ್ಯಾಹ್ನದ್ದು, ಮೆತ್ತಗಿನದು. ಮೂತ್ರದ ಒಂದೇ ಒಂದು ಉಂಡೆಯೂ ಇರಲಿಲ್ಲ. ಬೆಕ್ಕು ಸೋಫಾದಡಿ ಮುದುಡಿಕೊಂಡು ತೊಡೆಸಂದಿಯನ್ನು ಒಂದೇ ಸಮ ನೆಕ್ಕುತ್ತಿತ್ತು, ಮುಟ್ಟಿದರೆ ನರಳುತ್ತಿತ್ತು.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಮೂತ್ರದ ಹರಳು, ಲೋಳೆ ಸೇರಿ ಒಂದು ಸಣ್ಣ ಬಿರಡೆಯಾದರೂ ಸಾಕು, ದಾರಿ ಮುಚ್ಚುತ್ತದೆ. ಬೆಕ್ಕು ಆಗಲೂ ಟ್ರೇಯಲ್ಲಿ ಕುಳಿತು ತಿಣುಕುತ್ತದೆ, ನೋಡುವವರಿಗೆ ಅದು ಮಲಬದ್ಧತೆಯಂತೆಯೇ ಕಾಣುತ್ತದೆ. ಮೂತ್ರಕ್ಕೆ ಕೂತ ಬೆಕ್ಕಿನ ಬೆನ್ನು ಹೆಚ್ಚು ಸಪಾಟಾಗಿರುತ್ತದೆ, ಮಲಕ್ಕೆ ಕೂತದ್ದರ ಬೆನ್ನು ಬಾಗಿರುತ್ತದೆ ಎಂದು ಹೇಳುವುದುಂಟು. ಆದರೆ ನೋವಿನಲ್ಲಿರುವ ಬೆಕ್ಕು ಹೇಗೆ ಬೇಕಾದರೂ ಕೂರುತ್ತದೆ, ಭಂಗಿಯನ್ನು ನಂಬಿ ಕೂರಲಾಗುವುದಿಲ್ಲ. ಮೂತ್ರ ಕಟ್ಟಿದರೆ ಒಳಗೆ ಒತ್ತಡ ಏರಿ ಮೂತ್ರಪಿಂಡಗಳು ನಿಲ್ಲುತ್ತವೆ, ಹೊರಹೋಗಬೇಕಿದ್ದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಒಂದೆರಡು ದಿನದಲ್ಲಿ ಅದು ಹೃದಯದ ಬಡಿತವನ್ನು ನಿಧಾನಗೊಳಿಸಿ ನಿಲ್ಲಿಸಿಬಿಡಬಹುದು. ಮಲಬದ್ಧತೆಯ ಬೆಕ್ಕಿಗೆ ಒಂದು ರಾತ್ರಿ ತಡವಾದರೆ ಬಹುಪಾಲು ಸಹಿಸಿಕೊಳ್ಳುತ್ತದೆ. ಮೂತ್ರ ಕಟ್ಟಿದ ಗಂಡು ಬೆಕ್ಕಿಗೆ ಆ ಒಂದು ರಾತ್ರಿಯೇ ಜೀವ. ಅದಕ್ಕೇ ಪದೇ ಪದೇ ತಿಣುಕುವ ಗಂಡು ಬೆಕ್ಕನ್ನು, ಮೂತ್ರ ಹೋಗಿದೆ ಎಂದು ಕಣ್ಣಾರೆ ಕಂಡಿಲ್ಲವಾದರೆ, ಗಂಟೆ ಎಷ್ಟೆಂದು ನೋಡದೆ ಕರೆದುಕೊಂಡು ಹೋಗಬೇಕು. ಖಾತ್ರಿ ಮಾಡಿಕೊಳ್ಳಲೆಂದು ಹೊಟ್ಟೆ ಒತ್ತಿ ನೋಡಬಾರದು, ಬಿಗಿದ ಮೂತ್ರಕೋಶ ಒಡೆಯಬಹುದು.

ಆ ಹುಡುಗನಿಗೆ ನಾನು ಸಿರಪ್ ಕೊಡಲಿಲ್ಲ. ಆಟೋ ಹಿಡಿದು ಮೂವರೂ ಹೋದೆವು. ಡಾಕ್ಟರು ಮುಟ್ಟಿದ ಕೂಡಲೇ ಹೇಳಿದರು, ಮೂತ್ರಕೋಶ ಮೋಸಂಬಿಯಷ್ಟು ದಪ್ಪಗೆ ಬಿಗಿದುಕೊಂಡಿತ್ತು. ನಳಿಗೆ ಹಾಕಿ ತೆಗೆದಾಗ ಬಂದದ್ದು ಕೆಂಪು ಬೆರೆತ ಮೂತ್ರ. ಮೂರು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಈಗ ಅದು ಅವರ ಮನೆಯ ಕಿಟಕಿಯಲ್ಲಿ ಕೂತು ಅಳಿಲುಗಳನ್ನು ನೋಡಿಕೊಂಡಿದೆ.

ತಿಣುಕಾಟಕ್ಕೆ ಮೂರನೆಯ ಕಾರಣವೂ ಇದೆ. ದೊಡ್ಡ ಕರುಳಿನಲ್ಲಿ ಉರಿಯೂತವಾದಾಗ ಕರುಳು ಖಾಲಿಯಿದ್ದರೂ ಬೆಕ್ಕಿಗೆ ಹೋಗಬೇಕೆನಿಸುತ್ತದೆ, ಲೋಳೆ, ಒಂದೆರಡು ಹನಿ ರಕ್ತ ಬರುತ್ತದೆ. ಇದರ ತದ್ವಿರುದ್ಧವೂ ನಡೆಯುತ್ತದೆ: ಕಲ್ಲಾದ ಉಂಡೆಯ ಪಕ್ಕದಿಂದ ಸ್ವಲ್ಪ ನೀರು ಮಲ ಸೋರಿ, ಭೇದಿಯಾಗಿದೆ ಎಂದುಕೊಂಡ ಮನೆಯವರು ಭೇದಿ ನಿಲ್ಲುವ ಔಷಧ ಕೊಟ್ಟು ಕರುಳನ್ನು ಪೂರ್ತಿ ಕಟ್ಟಿಸಿಬಿಡುತ್ತಾರೆ. ಹಾಗಾಗಿ ತಿಣುಕುವುದು ಎನ್ನುವುದು ಕಾಯಿಲೆಯ ಹೆಸರಲ್ಲ. ಒಳಗೆ ಏನಿದೆ ಎಂದು ಕೈಯಿಂದ ಮುಟ್ಟಿ, ಬೇಕಾದರೆ ಎಕ್ಸ್‌ರೇ ತೆಗೆದು ನೋಡುವವರು ಬೇಕು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯ ಕಾಲೇಜುಗಳ ಹತ್ತಿರ ಇರುವವರಿಗೆ ಅಲ್ಲಿನ ಆಸ್ಪತ್ರೆಗಳೂ ಇವೆ. ಹೋಗುವಾಗ ಮೂರು ವಿಷಯ ನೆನಪಿಟ್ಟುಕೊಂಡು ಹೋದರೆ ಡಾಕ್ಟರ ಅರ್ಧ ಕೆಲಸ ಹಗುರ: ಕೊನೆಯ ಮಲ ಯಾವಾಗ ಮತ್ತು ಹೇಗಿತ್ತು, ಕೊನೆಯ ಮೂತ್ರ ಯಾವಾಗ, ಮನೆಯಲ್ಲಿ ಏನೇನು ಕೊಟ್ಟಿರಿ. ಮೂರನೆಯದನ್ನು ಮುಚ್ಚಿಡಬೇಡಿ.

ಬೂದಿಯ ಊಟ ಈಗ ಬದಲಾಗಿದೆ. ದಿನಕ್ಕೆ ಮೂರು ಪೌಚು ಕೊಡುವುದು ನಮ್ಮ ಕೈಗೆ ದುಬಾರಿ. ಹಾಗಾಗಿ ಬೆಳಗ್ಗೆ ಒಂದು ಪೌಚು, ಅದಕ್ಕೆ ಮೂರು ದೊಡ್ಡ ಚಮಚ ಬೆಚ್ಚಗಿನ ನೀರು ಬೆರೆಸಿ ಸಾರಿನ ಹಾಗೆ ಮಾಡಿ ಕೊಡುತ್ತೇನೆ. ಪೌಚಿನ ಮೇಲೆ ಪೂರ್ಣ ಆಹಾರ ಎಂದು ಬರೆದಿದೆಯೇ ನೋಡಿಕೊಳ್ಳಬೇಕು, ಕೆಲವು ಬರೀ ರುಚಿಗೆ ಕೊಡುವ ತಿನಿಸುಗಳು. ಸಂಜೆ ಮೂತ್ರಪಿಂಡಕ್ಕೆಂದು ಡಾಕ್ಟರು ಹೇಳಿದ ಡ್ರೈ ಫುಡ್ಡನ್ನು ಅದರಷ್ಟೇ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಇಡುತ್ತೇನೆ. ನೆನೆದದ್ದು ನಮ್ಮ ಸೆಕೆಗೆ ಬೇಗ ಹಳಸುತ್ತದೆ, ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡುತ್ತೇನೆ. ಕೋಳಿ ಬೇಯಿಸಿದ ನೀರು ಅವಳಿಗೆ ಇಷ್ಟ, ಆದರೆ ಅದು ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕುವ ಮೊದಲು ತೆಗೆದಿಟ್ಟದ್ದೇ ಆಗಬೇಕು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರಿನ ಬಟ್ಟಲು ಮೊದಲು ಊಟದ ತಟ್ಟೆಯ ಪಕ್ಕದಲ್ಲೇ ಇತ್ತು. ಈಗ ನಡುಮನೆಯಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು, ತುಳಸಿಕಟ್ಟೆಯ ಹತ್ತಿರ ಒಂದು ಇವೆ, ಮೀಸೆ ತಾಗದಷ್ಟು ಅಗಲವಾದ ಮಣ್ಣಿನ ಬಟ್ಟಲುಗಳು. ತುಳಸಿಕಟ್ಟೆಯದೇ ಮೊದಲು ಖಾಲಿಯಾಗುತ್ತದೆ. ಟ್ರೇಯ ಒಂದು ಬದಿಯ ಅಂಚನ್ನು ಕತ್ತರಿಸಿ ತಗ್ಗಿಸಿದ್ದೇನೆ.

ಇಸಬ್‌ಗೋಲ್ ಕೂಡ ವಾಪಸು ಬಂದಿದೆ, ಎಕ್ಸ್‌ರೇ ನೋಡಿ ಡಾಕ್ಟರು ಒಪ್ಪಿದ ಮೇಲೆ. ಕಾಲು ಚಮಚವನ್ನು ಆರು ಚಮಚ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಪೂರ್ತಿ ಗಂಜಿಯಾದ ಮೇಲೆ ಬೆಳಗಿನ ಪೌಚಿಗೆ ಕಲಸುತ್ತೇನೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದೆ. ಮಲ ಹೋದ ದಿನಕ್ಕೆ ಒಂದು ಚುಕ್ಕೆ, ಒಣಗಿದ್ದರೆ ಚುಕ್ಕೆಯ ಸುತ್ತ ಒಂದು ಸುತ್ತು. ಚುಕ್ಕೆಯಿಲ್ಲದೆ ಎರಡು ದಿನ ಕಳೆದರೆ ಡಾಕ್ಟರಿಗೆ ಫೋನು, ಮೂರನೆಯ ದಿನಕ್ಕೆ ಬುಟ್ಟಿ ಹಿಡಿದು ಆಸ್ಪತ್ರೆಗೆ. ಖಾಲಿ ತಿಣುಕು, ವಾಂತಿ, ಊಟ ಬಿಡುವುದು, ಇವುಗಳಲ್ಲಿ ಒಂದು ಕಂಡರೂ ದಿನ ಎಣಿಸುವುದಿಲ್ಲ, ಅವತ್ತೇ ಹೊರಡುತ್ತೇವೆ. ಈ ತಿಂಗಳ ಹಾಳೆಯಲ್ಲಿ ಎರಡು ಸುತ್ತುಗಳಿವೆ. ಎರಡೂ ಬಿಸಿಲು ಏರಿದ ವಾರದವು. ಆ ದಿನಗಳಿಂದ ಬೆಳಗಿನ ಸಾರಿಗೆ ಇನ್ನೊಂದು ಚಮಚ ನೀರು ಹೆಚ್ಚು ಬೀಳುತ್ತಿದೆ.